ಹಳೇ ಮಾತು, ಭಾಗ 4: ಬಿಟ್ಟು ಉಣ್ಣೋದಾ, ಕೊಟ್ಟಿದ್ದನ್ನ ಉಣ್ಣೋದಾ?

ನಮ್ಮನೇಲಿ ಈ ವರ್ಷ ತೋಟ ಪಾಲಾಗೋ ಮಾತು ನಡೀತಿದೆ. ಕಾಫಿ ಗಿಡ ಯಾರಿಗೆ, ಮೆಣಸಿನ ಬಳ್ಳಿ ಯಾರಿಗೆ ಅಂತ ದಿನಾ ರಾತ್ರಿ ಜಗಳ. ಒಂದಿನ ಅಜ್ಜಿ ಸುಮ್ನೆ, "ಎಲ್ಲಾ ದೇವರದ್ದು ಕಣ್ರೋ" ಅಂದ್ರು. ಆ ಮಾತಿನ ಬೇರು ಹುಡುಕ್ತಾ ಹೋದಾಗ ಸಿಕ್ಕಿದ್ದು ಈಶಾವಾಸ್ಯ ಉಪನಿಷತ್ತು.

ಇದು ಶುಕ್ಲ ಯಜುರ್ವೇದ ಸಂಹಿತೆಯ ಕೊನೇ ಅಧ್ಯಾಯ, 40ನೇದು. ಕಾಣ್ವ ಪಾಠದಲ್ಲಿ ಬರೀ 18 ಮಂತ್ರ. (ಎಲ್ಲಕ್ಕಿಂತ ಚಿಕ್ಕದು ಅಂತಾರೆ, ಆದ್ರೆ ಎಣಿಸಿದ್ರೆ ಮಾಂಡೂಕ್ಯದಲ್ಲಿ 12 ಇದೆ!) ಮೊದಲನೇ ಮಂತ್ರ ಹೇಳೋದು ಮೂರು ಮಾತು: ಚಲಿಸೋ ಈ ಜಗತ್ತೆಲ್ಲಾ ಈಶನಿಂದ ತುಂಬಿದೆ. 'ತ್ಯಕ್ತ'ದಿಂದ ಬದುಕು. ಧನಕ್ಕೆ ಆಸೆಪಡಬೇಡ.

ಜಗಳ ಇರೋದು ಆ 'ತ್ಯಕ್ತ' ಅನ್ನೋ ಪದದಲ್ಲಿ.

ಶಂಕರಾಚಾರ್ಯರ ಪ್ರಕಾರ ಅದು ತ್ಯಾಗ. ಅವರ ವಾದ ಚೆನ್ನಾಗಿದೆ, ಕೇಳಿ. ಬಿಟ್ಟ ವಸ್ತು ನಮ್ಮನ್ನ ಹೇಗೆ ಕಾಪಾಡುತ್ತೆ? ತೀರಿಹೋದ ಮಗನಾಗಲಿ ಆಳಾಗಲಿ ಕಾಪಾಡೋಕಾಗಲ್ಲ. ಹಾಗಾಗಿ ಕಾಪಾಡೋದು ಬಿಡುವ ಕ್ರಿಯೆಯೇ. 'ಭುಂಜೀಥಾಃ' ಅಂದ್ರೆ ನಿನ್ನನ್ನ ನೀನು ರಕ್ಷಿಸಿಕೋ. ಅವರು ಕೊಡೋ ಹೋಲಿಕೆ ಶ್ರೀಗಂಧದ್ದು: ನೀರಲ್ಲಿ ನೆನೆದು ಬಂದ ಕೆಟ್ಟ ವಾಸನೆ, ತೇಯ್ದಾಗ ಕೊರಡಿನ ಸ್ವಂತ ಪರಿಮಳದಲ್ಲಿ ಮುಚ್ಚಿಹೋಗುತ್ತೆ. ಹಾಗೇ 'ನಾನು ಮಾಡ್ದೆ, ನಾನು ಉಂಡೆ' ಅನ್ನೋ ಭಾವ. ಈ ಮಂತ್ರ ಸನ್ಯಾಸಿಗೆ ಅಂತಾರೆ ಅವರು. ಕರ್ಮ ಮಾಡ್ತಾ ನೂರು ವರ್ಷ ಬದುಕು ಅನ್ನೋ ಎರಡನೇ ಮಂತ್ರ, ಬಿಡೋಕಾಗದ ನಮ್ಮಂಥೋರಿಗೆ.

13ನೇ ಶತಮಾನಕ್ಕೆ ಬನ್ನಿ. ನಮ್ಮ ಮಾರನಹಳ್ಳಿಯಿಂದ ಶಿರಾಡಿ ಘಾಟಿ ಇಳಿದು ಮಂಗಳೂರು ದಾಟಿದ್ರೆ ಉಡುಪಿ. ಅಲ್ಲಿನ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಇದೇ ಮಂತ್ರಕ್ಕೆ ಭಾಷ್ಯ ಬರೆದಾಗ ಪೂರ್ತಿ ತಿರುಗಿಸಿಬಿಟ್ರು. ಅವರಿಗೆ 'ಈಶಾವಾಸ್ಯ' ಅಂದ್ರೆ ಈಶ ವಾಸಿಸೋಕೆ ತಕ್ಕದ್ದು, ಅಂದ್ರೆ ಜಗತ್ತು ನಿಜವಾದ ಮನೆ. 'ತ್ಯಕ್ತ' ಅಂದ್ರೆ 'ದತ್ತ', ಅವನು ಕೊಟ್ಟಿದ್ದು. ಬಿಟ್ಟೋನು ಮನುಷ್ಯ ಅಲ್ಲ, ದೇವರು! ಅವನು ಕೊಟ್ಟಷ್ಟನ್ನ ಅನುಭವಿಸು.

ಯಾರು ಸರಿ? ವ್ಯಾಕರಣ ನೋಡಿದ್ರೆ ಒಂದು ಸುಳಿವು ಇದೆ. ಆ ಧಾತುವಿನ ಆತ್ಮನೇಪದ ರೂಪ, ರಕ್ಷಿಸು ಅನ್ನೋ ಅರ್ಥ ಬಿಟ್ಟು ಬೇರೆ ಕಡೆ ಬರುತ್ತೆ ಅನ್ನೋದು ಪಾಣಿನಿ ಸೂತ್ರ. ಇಲ್ಲಿರೋದು ಆತ್ಮನೇಪದವೇ. ಹಾಗಾಗಿ 'ಅನುಭವಿಸು' ಅನ್ನೋದೇ ಸಲೀಸು ಅಂತ ನನಗನ್ಸುತ್ತೆ. ಆದ್ರೆ ವೇದದ ಭಾಷೆ ಪಾಣಿನಿಗಿಂತ ಹಳೇದು, ಅದಕ್ಕೇ ಇದೊಂದರಿಂದ ತೀರ್ಪು ಕೊಡೋಕಾಗಲ್ಲ.

ಕೊನೇ ಪದಗಳಲ್ಲೂ ಎರಡು ದಾರಿ: 'ಯಾರ ಧನಕ್ಕೂ ಆಸೆಪಡಬೇಡ' ಅಂತಲೂ ಓದಬಹುದು, 'ಆಸೆಪಡಬೇಡ, ಧನ ಯಾರದ್ದು ಹೇಳು?' ಅಂತಲೂ ಓದಬಹುದು. ಶಂಕರರೇ ಎರಡನ್ನೂ ಕೊಟ್ಟಿದ್ದಾರೆ. ಬಿಕಾಂ ತಲೆಗೆ ಎರಡನೇದು ಟ್ರಸ್ಟ್ ಲೆಕ್ಕದ ಥರ ಕಾಣುತ್ತೆ, ನೋಡಿಕೊಳ್ಳೋನು ಬೇರೆ, ಒಡೆಯ ಬೇರೆ.

ಇದನ್ನ ದೊಡ್ಡಪ್ಪಂಗೆ ಹೇಳ್ದೆ. "ಸರಿ, ದೇವರು ನನಗೆ ಎಷ್ಟು ಎಕರೆ ಕೊಟ್ಟಿದ್ದಾನೆ ಅಂತ ಅದ್ರಲ್ಲಿ ಬರೆದಿದ್ಯಾ?" ಅಂದ್ರು. ಅಜ್ಜಿ ನಕ್ಕುಬಿಟ್ರು.

ಭಾಗ 5ರಲ್ಲಿ ಎರಡನೇ ಮಂತ್ರ.