ಕಾಮಾಲೆ

ಸಂಸ್ಕೃತದ ‘ಕಾಮಲಾ’ ಕನ್ನಡದಲ್ಲಿ ಕಾಮಾಲೆಯಾಯಿತು, ಮರಾಠಿಯಲ್ಲಿ ‘ಕಾವೀಳ’. ಮುಂಬಯಿಯ ಹೆರಿಗೆ ವಾರ್ಡಿನಲ್ಲಿ ನರ್ಸ್ ‘ಕಾವೀಳ’ ಎಂದರೆ ಕನ್ನಡದ ಬಾಣಂತಿಗೆ ದೊಡ್ಡವರ ಲಿವರ್ ಕಾಯಿಲೆಯೇ ನೆನಪಾಗಿ ಎದೆ ಧಸಕ್ಕೆನ್ನುತ್ತದೆ.

ಹಸುಗೂಸಿನ ಕಾಮಾಲೆ ಹೆಚ್ಚಾಗಿ ಬೇರೆಯದೇ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಹಳದಿ ಬಿಲಿರುಬಿನ್ನನ್ನು ಎಳೆಯ ಲಿವರ್ ಬೇಗ ಹೊರಹಾಕಲಾರದು. ಅದು ಹೆಚ್ಚಾದಾಗ ಮಗುವನ್ನು ‘ಲೈಟಿಗೆ ಇಡುವುದು’ ಎಂದರೆ ಕಣ್ಣಿಗೆ ಪಟ್ಟಿ ಕಟ್ಟಿ, ಡೈಪರ್ ಮಾತ್ರ ಬಿಟ್ಟು ನೀಲಿ ಬೆಳಕಿನಡಿ ಮಲಗಿಸುವುದು. ಆ ಬೆಳಕು ಬಿಲಿರುಬಿನ್ನಿನ ರೂಪ ಬದಲಿಸಿ, ಪಿತ್ತ ಮತ್ತು ಮೂತ್ರದಲ್ಲಿ ಹೋಗುವಂತೆ ಮಾಡುತ್ತದೆ. ಬಾಲ್ಕನಿಯ ಎಳೆಬಿಸಿಲು ಇದಕ್ಕೆ ಬದಲಿಯಲ್ಲ.

ಮನೆಗೆ ಬಂದ ಮೇಲೆ ಹಳದಿ ಅಂಗೈ, ಅಂಗಾಲಿಗೆ ಇಳಿದರೆ, ಮಗು ಹಾಲಿಗೂ ಏಳದಷ್ಟು ಮಂಪರಾದರೆ, ಕೀರಲು ದನಿಯಲ್ಲಿ ಅತ್ತು ಬೆನ್ನು ಬಿಲ್ಲಾಗಿಸಿದರೆ ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಮಲ ಸುಣ್ಣದಂತೆ ಬೆಳ್ಳಗಾದರೆ ಅಥವಾ ಹಳದಿ 14 ದಿನ ದಾಟಿದರೆ, ಆಗ ಲಿವರನ್ನೂ ಪರೀಕ್ಷಿಸಬೇಕಾಗುತ್ತದೆ.