ದಿವಾನರಾಗುವುದಕ್ಕೆ ಮುಂಚೆ

ಸೆಪ್ಟೆಂಬರ್ 15ರಂದು ನಮ್ಮ ಸಂಘದಲ್ಲಿ ನಡೆದ ಸರ್ ಎಂ. ವಿಶ್ವೇಶ್ವರಯ್ಯನವರ ಜಯಂತಿಗೆ ಪರಿಚಯ ಭಾಷಣದ ಹೊಣೆ ನಮ್ಮ ಪಾಲಿಗೆ ಬಂದಿತ್ತು. ದಿವಾನಗಿರಿ, ಕನ್ನಂಬಾಡಿ, ಭಾರತರತ್ನ ಎಂದು ಸಾಲಾಗಿ ಓದಿ, ಆಮೇಲೆ ಭಾಷಣಕಾರರ ಪದವಿಗಳನ್ನು ಓದುವುದು ವಾಡಿಕೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿರುವುದಿಲ್ಲ.

ಈ ಸಲ ನಾವು ಲೆಕ್ಕ ಹಾಕಿ ನೋಡಿದೆವು. ಅವರು ಮೈಸೂರಿನ ದಿವಾನರಾಗಿದ್ದುದು 1912ರಿಂದ 1918ರವರೆಗೆ, 6 ವರ್ಷ. ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದದ್ದು 1884ರಿಂದ 1908ರವರೆಗೆ, 24 ವರ್ಷ. ನಾವು ಅನ್ನ ಕಂಡುಕೊಂಡ ಸೀಮೆಯಲ್ಲೇ ಅವರ ಪ್ರಾಯವೆಲ್ಲ ಕಳೆಯಿತು. ಆದ್ದರಿಂದ ಅಲ್ಲಿಯ ಒಂದೇ ಕೆಲಸವನ್ನು ಆರಿಸಿಕೊಂಡೆವು.

ಪುಣೆಯ ಬಳಿ ಖಡಕವಾಸ್ಲಾ ಜಲಾಶಯವಿದೆ. ಮಳೆಗಾಲದಲ್ಲಿ ಅದರ ಕೋಡಿ ಹರಿದು ನೀರು ವ್ಯರ್ಥವಾಗುತ್ತಿತ್ತು. ಅಣೆಕಟ್ಟನ್ನು ಎತ್ತರಿಸದೆ, 1903ರಲ್ಲಿ ಅವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಇಡಿಸಿದರು. ನೀರು ಸುಮಾರು 8 ಅಡಿ ಹೆಚ್ಚಾಗಿ ನಿಲ್ಲುವವರೆಗೆ ಅವು ಮುಚ್ಚಿರುವುವು. ಮಟ್ಟ ಮೀರಿದರೆ ತಾವೇ ತೆರೆದುಕೊಳ್ಳುವುವು, ಇಳಿದರೆ ತಾವೇ ಮುಚ್ಚಿಕೊಳ್ಳುವುವು. ನಡುರಾತ್ರಿ ನೆರೆ ಬಂದರೂ ಬಾಗಿಲೆತ್ತಲು ಆಳು ಓಡಬೇಕಾಗಿಲ್ಲ. ಮುಂದೆ ಕನ್ನಂಬಾಡಿಗೂ ಸ್ವಯಂಚಾಲಿತ ಬಾಗಿಲುಗಳು ಬಂದುವು.

ಇಷ್ಟು ಹೇಳಿ ಮುಖ್ಯ ಭಾಷಣಕಾರರ ಕಡೆಗೆ ತಿರುಗಿದೆವು. ಅವರು ನಿವೃತ್ತ ನೀರಾವರಿ ಇಂಜಿನಿಯರರು. ಪದವಿಗಳ ಪಟ್ಟಿ ಬಿಟ್ಟು, “ಅಣೆಕಟ್ಟಿನ ಬಾಗಿಲು ಕಾಯುತ್ತ ಅನೇಕ ಮಳೆಗಾಲ ಕಳೆದವರು” ಎಂದಷ್ಟೇ ಹೇಳಿದೆವು. ಬಾಗಿಲು ತಾನೇ ತೆರೆಯುವ ಬಗೆಯನ್ನು ವಿವರಿಸುವುದು ಅವರ ಪಾಲಿಗೆ ಉಳಿಯಿತು.

ಸಭೆ ಮುಗಿದ ಮೇಲೆ ಶಾಲೆಯ ಹುಡುಗನೊಬ್ಬ ಅವರ ಹತ್ತಿರ ಹೋಗಿ, “ನೀರು ಎಷ್ಟು ಏರಿತೆಂದು ಬಾಗಿಲಿಗೆ ಹೇಗೆ ಗೊತ್ತಾಗುತ್ತದೆ, ಅಂಕಲ್?” ಎಂದು ಕೇಳಿದ. ಅವರು ಜೇಬಿನಿಂದ ಪೆನ್ನು ತೆಗೆದು, ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಚಿತ್ರ ಬರೆಯಲು ಕುಳಿತರು.