ಒಬ್ಬರು ವಂದಿಸಿದರು

ನಮ್ಮ ಕಡೆಯ ಪತ್ರಿಕೆಗಳಲ್ಲಿ ಶಾಲಾ ಸಮಾರಂಭದ ಸುದ್ದಿ ಮೂರು ಪುಟ್ಟ ವಾಕ್ಯಗಳಿಗೆ ಬಂದು ಮುಗಿಯುತ್ತದೆ. ಒಬ್ಬರು ಸ್ವಾಗತಿಸಿದರು, ಒಬ್ಬರು ನಿರೂಪಿಸಿದರು, ಒಬ್ಬರು ವಂದಿಸಿದರು. ವಂದಿಸಿದವರು ಏನು ಹೇಳಿದರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

‘ವಂದಿಸು’ ಎಂಬುದರ ಸಂಸ್ಕೃತ ಬೇರಿಗೆ ಎರಡು ಅರ್ಥ: ಹೊಗಳುವುದು, ನಮಿಸುವುದು. ಅರಸರ ಕೀರ್ತಿ ಹಾಡುತ್ತಿದ್ದ ವಂದಿಮಾಗಧರ ‘ವಂದಿ’ಯೂ ಇದೇ ಬೇರಿನದು. ಈಗ ಕೈಮುಗಿಯುವ ಅರ್ಥವೇ ಮುಂದಾಗಿ, ಹಾಡಿ ಹೊಗಳುವ ಅರ್ಥ ಹಿಂದೆ ಸರಿದಿದೆ.

ಬೆಳಗಾವಿ ಸೀಮೆಯ ಹಿರಿಯರಿಗೆ ಹೀಗೆ ವಂದಿಸುವುದು ವಂದನಾರ್ಪಣೆಗಿಂತ ಹೆಚ್ಚಾಗಿ ‘ಆಭಾರ ಮನ್ನಣೆ’. 1956ರವರೆಗೆ ನಾವು ಮುಂಬಯಿ ಆಡಳಿತದಲ್ಲಿದ್ದೆವು. ಮರಾಠಿಯಲ್ಲೂ ‘ಆಭಾರ ಮಾನಣೇ’ ಎಂಬ ಮಾತಿದೆ. ‘ಆಭಾರ’ದೊಳಗೆ ಭಾರ ಇದೆ. ಉಪಕಾರದ ಹೊರೆ ನನ್ನ ಮೇಲಿದೆ ಎಂದು ಸಭೆಯ ಮುಂದೆ ಒಪ್ಪಿಕೊಳ್ಳುವುದೇ ಅದರ ಮನ್ನಣೆ. ಯಾವ ಹೊರೆ ಎಂದು ಹೇಳದೆ ಒಪ್ಪಿಕೊಳ್ಳುವುದು ಹೇಗೆ?

ನವಿಲುತೀರ್ಥದ ಆಣೆಕಟ್ಟಿನಿಂದ ದೂರವಿಲ್ಲದ ಒಂದು ಶಾಲೆಯಲ್ಲಿ ಕಂಠಪಾಠ ಸ್ಪರ್ಧೆ ನಡೆದಿತ್ತು. ಬಹುಮಾನ ಹಂಚಿ ಆದ ಮೇಲೆ ಸಭೆಗೆ ಹಸಿವಾಗಿತ್ತು. ಮೊದಲು ವಂದಿಸಲು ಬಂದ ಶಿಕ್ಷಕರು ಚೀಟಿ ಹಿಡಿದು ಅಧ್ಯಕ್ಷರು, ಅತಿಥಿಗಳು, ನಿರ್ಣಾಯಕರು ಎಂದು ಹುದ್ದೆಯ ಇಳಿಜಾರಿನಲ್ಲಿ ಹೆಸರು ಓದಿದರು. ಕೊನೆಗೆ ‘ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’ ಎಂದರು. ಬಿಟ್ಟುಹೋದ ಹೆಸರುಗಳಿಗೆಂದೇ ಹೊದಿಸಿದ ಕಂಬಳಿ ಆ ವಾಕ್ಯ. ಬೆಚ್ಚಗಿರುತ್ತದೆ ನಿಜ, ಆದರೆ ಅದರಡಿ ಯಾರಿದ್ದಾರೆಂದು ಕಾಣುವುದಿಲ್ಲ.

ಆಮೇಲೆ ಮಕ್ಕಳ ಪರವಾಗಿ ಒಂಬತ್ತನೆಯ ತರಗತಿಯ ಹುಡುಗಿ ಬಂದಳು. ಅವಳ ಕೈಯಲ್ಲಿ ಚೀಟಿ ಇರಲಿಲ್ಲ.

“ಮೂರನೇ ನುಡಿ ಮರ್ತು ನಿಂತಾಗ ನಿರ್ಣಾಯಕ ಗುರುಗಳು ಗಂಟಿ ಬಾರಿಸ್ಲಿಲ್ರಿ, ನೆನಪಾಗೂ ತನಕಾ ಕಾದ್ರು. ಅದು ಭಾಳ ಉಪಕಾರ ಆತ್ರಿ. ಸಣ್ಣ ಹುಡುಗ್ರಿಗೆ ಮೈಕ್ ಮುಟ್ಟಂಗಿಲ್ಲಂತ ಮೈಕಿನ ಕಾಕಾ ಪ್ರತಿ ಸಲ ಎದ್ದು ಬಂದು ಕೆಳಗ ಇಳಿಸಿದ್ರು. ಅಡಗಿ ಮಾಡೂ ಅವ್ವಾರು ಪಾತ್ರಿ ಸಪ್ಪಳ ಆಗಬಾರ್ದಂತ ಪದ್ಯ ಮುಗಿಯೂ ತನಕಾ ತೊಳಿಯೂದು ನಿಲ್ಲಿಸಿದ್ರು.”

ಅವಳು ಯಾರಿಗೂ ಹೊಗಳಿಕೆಯ ವಿಶೇಷಣ ಹಚ್ಚಲಿಲ್ಲ. ಒಬ್ಬೊಬ್ಬರ ಪಕ್ಕದಲ್ಲಿ ಅವರು ಮಾಡಿದ ಒಂದೊಂದು ಕೆಲಸವನ್ನು ಇಟ್ಟಳು, ಅಷ್ಟೇ. ಇಡೀ ದಿನ ಬೇರೆಯವರು ಬರೆದ ಪದ್ಯ ಹೇಳಿದ ಮಕ್ಕಳ ನಡುವೆ, ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳಿದವಳು ಅವಳು. ವಂದಿಯ ಹಳೆಯ ಕೆಲಸ ಅರಸರನ್ನು ಬಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದಿತ್ತು.

ವಂದನಾರ್ಪಣೆ ಬರೆಯಲು ಕೂತವರಿಗೆ ನಾನು ಹೇಳುವುದು ಇಷ್ಟೇ: ಹೆಸರಿನ ಮುಂದೆ ‘ಮಾನ್ಯ’ ಬರೆಯುವ ಮೊದಲು, ಹೆಸರಿನ ಹಿಂದೆ ಒಂದು ಕ್ರಿಯಾಪದ ಬರೆದುಕೊಳ್ಳಿ. ಕ್ರಿಯಾಪದ ಸಿಗದಿದ್ದರೆ ಇನ್ನೊಮ್ಮೆ ವಿಚಾರಿಸಿ. ಅಂದು ಅಡುಗೆಯವರು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತದ್ದು, ಅವರು ನಿಲ್ಲಿಸಿದ್ದನ್ನು ಒಬ್ಬಳು ಕೇಳಿಸಿಕೊಂಡಿದ್ದಳು ಎಂಬ ಕಾರಣಕ್ಕೆ.